ಇಪ್ಪತ್ನಾಲ್ಕಕ್ಕೆ ಮೈನಸ್ ಹಚ್ಚಿದ್ದು ಯಾರು?

ಪ್ಲಸ್ ಮೈನಸ್ ಬೈನರಿ ಸಂಖ್ಯೆಗಳನ್ನ ಗುಣಿಸೋ ಬೂತ್ ಅಲ್ಗಾರಿದಮ್ಮನ್ನ ಪೇಪರ್ ಮೇಲೆ ಮಾಡೋವಾಗ ನಾನು ಮಹಾ ಪಂಡಿತ. ಗುಣಕದ ಬಲಕ್ಕೆ ಒಂದು ಸೊನ್ನೆ ಅಂಟಿಸ್ಕೋಬೇಕು, ಬಲದಿಂದ ಪಕ್ಕಪಕ್ಕದ ಎರಡೆರಡು ಬಿಟ್ ನೋಡ್ತಾ ಬರ್ಬೇಕು, 10 ಸಿಕ್ರೆ ಕಳಿ, 01 ಸಿಕ್ರೆ ಕೂಡು, ಎರಡೂ ಒಂದೇ ಆಗಿದ್ರೆ ಸುಮ್ನೆ ಮುಂದಕ್ಕೆ ಹೋಗು, ಅಷ್ಟೇ. 1950ರಲ್ಲಿ ಬೂತ್ ಅನ್ನೋರು ಇದನ್ನ ಕಂಡುಹಿಡಿದಿದ್ದು, ಸೈನ್ ಬಗ್ಗೆ ಬೇರೆ ತಲೆಬಿಸಿನೇ ಇಲ್ಲ.

ನಾಲ್ಕು ಬಿಟ್ಟಿನ ಟೂಸ್ ಕಾಂಪ್ಲಿಮೆಂಟಲ್ಲಿ ಮೈನಸ್ 3 ಅಂದ್ರೆ 1101. ಸೊನ್ನೆ ಅಂಟಿಸಿ ಬಲದಿಂದ ನೋಡಿದ್ರೆ ಕಳಿ, ಕೂಡು, ಕಳಿ, ಸುಮ್ನಿರು. ಗುಣ್ಯ ಮೈನಸ್ 8 ಅಂತಿಟ್ಕೊಳಿ. ಮೊದಲು ಅದನ್ನ ಕಳೆದ್ರೆ +8, ಆಮೇಲೆ ಅದರ ಎರಡರಷ್ಟು ಕೂಡಿದ್ರೆ -16, ನಾಲ್ಕರಷ್ಟು ಕಳೆದ್ರೆ +32, ಒಟ್ಟು 24. ಸರಿಯಾಗಿದೆ.

ಇದನ್ನೇ ಬ್ರೆಡ್‌ಬೋರ್ಡ್ ಮೇಲೆ ಕಟ್ಟಿದೆ. ಕೂಡಿ ಕಳೆದಿದ್ದನ್ನ ಇಡೋ A ನಾಲ್ಕು ಬಿಟ್, ಗುಣಕ ಇಡೋ Q ನಾಲ್ಕು ಬಿಟ್, ಪ್ರತಿ ಸ್ಟೆಪ್ಪಲ್ಲೂ ಎರಡನ್ನೂ ಒಟ್ಟಿಗೆ ಬಲಕ್ಕೆ ಶಿಫ್ಟ್ ಮಾಡಿದಾಗ ಉದುರೋ ಬಿಟ್ ಹಿಡಿಯೋಕೆ ಒಂದು ಫ್ಲಿಪ್‌ಫ್ಲಾಪ್, ಒಂದು ನಾಲ್ಕು ಬಿಟ್ ಆಡರ್ ಚಿಪ್. 5 ಇಂಟು ಮೈನಸ್ 3 ಕೊಟ್ಟೆ, ಎಲ್‌ಇಡಿಗಳು ಮೈನಸ್ 15 ತೋರಿಸಿದ್ವು, ನಾನು ಕುಣಿದೆ. ರೂಮ್‌ಮೇಟ್ ತಣ್ಣಗೆ "ಮೈನಸ್ ಎಂಟು ಹಾಕಿ ನೋಡಿದ್ಯೇನೋ?" ಅಂದ. 5ರ ಜಾಗಕ್ಕೆ ಅದನ್ನ ಹಾಕಿದೆ, ಬಂದಿದ್ದು 11101000, ಅಂದ್ರೆ ಮೈನಸ್ 24!

ವೈರ್ ಲೂಸ್ ಅಂತ ಎಲ್ಲಾ ವೈರ್ ಒತ್ತಿದೆ. ಚಿಪ್ ಸುಟ್ಟಿದೆ ಅಂತ ಆಡರ್‌ನ ಕಿತ್ತೆಸೆದು ಹೊಸದು ಹಾಕಿದೆ, ಕೀಳೋವಾಗ ಪಾಪ ಅದರ ಕಾಲೂ ಸೊಟ್ಟಗಾಯ್ತು. ಮತ್ತೆ ಮೈನಸ್ 24. ಕೊನೆಗೆ 256 ಜೋಡಿನೂ ಕೂತು ಟೆಸ್ಟ್ ಮಾಡಿದೆ, ತಪ್ಪಿದ್ದು ಬರೀ 15, ಹದಿನೈದರಲ್ಲೂ ಗುಣ್ಯ ಮೈನಸ್ 8, ಹದಿನೈದರಲ್ಲೂ ಅಂಕಿ ಸರಿ, ಸೈನ್ ಮಾತ್ರ ಉಲ್ಟಾ. ಮೈನಸ್ 8ನ್ನೇ ಗುಣಕದ ಜಾಗದಲ್ಲಿ ಕೂರಿಸಿ ಮೈನಸ್ 3ನ್ನ ಗುಣ್ಯ ಮಾಡಿದ್ರೆ ಸಾಧು ಹಸು ಥರ 24 ಕೊಡ್ತಿತ್ತು!

ಆಮೇಲೆ ಒಂದೊಂದೇ ಕ್ಲಾಕ್ ಬಟನ್ ಒತ್ತಿ ನೋಡಿದಾಗ ಕಳ್ಳ ಮೊದಲನೇ ಸ್ಟೆಪ್ಪಲ್ಲೇ ಸಿಕ್ಕಿಬಿದ್ದ. ಸೊನ್ನೆಯಿಂದ ಮೈನಸ್ 8 ಕಳೆದ್ರೆ ಪ್ಲಸ್ 8 ಬರ್ಬೇಕು, ಆದ್ರೆ ನಾಲ್ಕು ಬಿಟ್ಟಲ್ಲಿ ಪ್ಲಸ್ ಕಡೆ 7ಕ್ಕೇ ಜಾಗ ಮುಗಿಯುತ್ತೆ, ಹಾಗಾಗಿ A ಅಲ್ಲಿ ಕೂತಿದ್ದು 1000, ಅದು ಮೈನಸ್ 8ದೇ ವೇಷ. ಬಲಕ್ಕೆ ಶಿಫ್ಟ್ ಮಾಡೋವಾಗ ಸೈನ್ ಬಿಟ್ ಕಾಪಿ ಮಾಡ್ಬೇಕಲ್ಲ, ಸರ್ಕ್ಯೂಟು ಪ್ರಾಮಾಣಿಕವಾಗಿ ಆ ಸುಳ್ಳು 1ನ್ನೇ ಕಾಪಿ ಮಾಡಿ 1100 ಮಾಡ್ತು. ಪೇಪರ್ ಮೇಲೆ ನಾನು 8, 32 ಅಂತ ಬೇಕಾದಷ್ಟು ಅಗಲಕ್ಕೆ ಬರ್ಕೊಂಡಿದ್ದೆ, ಅದಕ್ಕೇ ಅಲ್ಲಿ ಗೊತ್ತೇ ಆಗ್ಲಿಲ್ಲ.

ಔಷಧಿ ಒಂದೇ ಒಂದು ಬಿಟ್ಟು. A ಐದು ಬಿಟ್ ಮಾಡಿ, ಗುಣ್ಯದ ಸೈನನ್ನೂ ಐದನೇ ಬಿಟ್ಟಿಗೆ ಎಳೆದ್ರೆ ಮೊದಲನೇ ಸ್ಟೆಪ್ಪಲ್ಲಿ 01000 ಸಿಗುತ್ತೆ, ಶಿಫ್ಟ್ ಆದ್ರೆ 00100, ನಿಜವಾದ ಪ್ಲಸ್ಸು, ಕೊನೆಗೆ 24. ಆದ್ರೆ ಐದನೇ ಬಿಟ್ ಕೂಡೋಕೆ ಇನ್ನೊಂದು ಆಡರ್ ಬೇಕಲ್ಲ? ಅರ್ಧರಾತ್ರೀಲಿ ಕಸದ ಬುಟ್ಟಿ ಮಗುಚಿ, ತಪ್ಪೇ ಮಾಡದೆ ಬೈಸ್ಕೊಂಡಿದ್ದ ಆ ಹಳೇ ಚಿಪ್ಪನ್ನ ಹುಡುಕಿ, ಕಾಲು ನೆಟ್ಟಗೆ ಮಾಡಿ, ಕ್ಷಮೆ ಕೇಳಿ ಕೂರಿಸ್ದೆ.