ಬೀಗ ಬಿದ್ದದ್ದು ಯಾರಿಗೆ?

ನಮ್ಮ ಮಗಳಿಗೆ ಒಂದೂವರೆ ವರ್ಷ. ಸ್ಟ್ಯಾಂಡ್ ಹಿಡಿದು ನಿಂತರೆ ಟಿವಿಯ ಕೆಳಗಿನ ಬಟನ್‌ಗಳು ಅವಳ ಬೆರಳಿಗೆ ಸರಿಯಾಗಿ ಸಿಗುತ್ತವೆ. ಅವಳು ಒಂದು ಸಲ ಒತ್ತಿದರೆ ಸಾಕು, ಧಾರಾವಾಹಿ ಮಾಯವಾಗಿ No Signal ಬರುತ್ತದೆ. ಅಮ್ಮ ಕೇಬಲ್‌ನವನಿಗೆ ಎರಡು ಸಲ ಫೋನ್ ಮಾಡಿ ಬೈದರು. ಪಾಪ, ಅವನ ತಪ್ಪೇನೂ ಇರಲಿಲ್ಲ. ಟಿವಿ ಸೆಟ್‌ಟಾಪ್ ಬಾಕ್ಸ್ ಇದ್ದ HDMI ಬಿಟ್ಟು ಖಾಲಿ ಇದ್ದ AV ಕಡೆ ಹೋಗಿತ್ತು, ಅಷ್ಟೇ.

ನಾನು ಮೊದಲು ಚಾನೆಲ್‌ಗಳಿಗೆ ಪಿನ್ ಇಟ್ಟು ಬೀಗ ಹಾಕಿದೆ. ಅದು ಚಾನೆಲ್ ತಡೆಯುವ ಬೀಗ, ಬಟನ್ ತಡೆಯುವುದಲ್ಲ. ಮಗಳು ಆರಾಮಾಗಿ ವಾಲ್ಯೂಮ್ ಏರಿಸುತ್ತಲೇ ಇದ್ದಳು. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಹುಡುಕಿ Key Lock ಆನ್ ಮಾಡಿದೆ. ಇದನ್ನೇ ಕೆಲವು ಟಿವಿಗಳಲ್ಲಿ Panel Lock ಅಂತಲೋ Child Lock ಅಂತಲೋ ಬರೆದಿರುತ್ತಾರೆ. ಇನ್ನು ಟಿವಿ ಮೇಲಿನ ಬಟನ್‌ಗಳು ಸತ್ತ ಹಾಗೆ, ರಿಮೋಟ್ ಮಾತ್ರ ಕೆಲಸ ಮಾಡುತ್ತದೆ. ಮಗಳು ಒತ್ತಿದಳು, ಏನೂ ಆಗಲಿಲ್ಲ. ನನ್ನ ಮುಖ ನೋಡಿದಳು. ಗೆದ್ದೆ ಅಂದುಕೊಂಡೆ.

ಮರುದಿನದಿಂದ ಅವಳು ರಿಮೋಟ್ ಹಿಡಿದಳು.

ಒಂದು ಸಂಜೆ ಟಿವಿ ಕಿವಿ ಕಿತ್ತುಹೋಗುವಷ್ಟು ಜೋರಾಗಿ ಕೂಗತೊಡಗಿತು. ರಿಮೋಟ್ ಎಲ್ಲೂ ಇಲ್ಲ. ಓಡಿಹೋಗಿ ವಾಲ್ಯೂಮ್ ಬಟನ್ ಒತ್ತಿದೆ. ಪರದೆ ಮೇಲೆ ಶಾಂತವಾಗಿ Key Lock ಅಂತ ಬಂತು. ಪವರ್ ಬಟನ್ ಒತ್ತಿದೆ, ಮತ್ತೆ ಅದೇ. ಕೆಲವು ಟಿವಿಗಳಲ್ಲಿ ಪವರ್ ಬಟನ್ ಒಂದನ್ನು ಈ ಬೀಗದಿಂದ ಹೊರಗೆ ಬಿಟ್ಟಿರುತ್ತಾರಂತೆ. ನಮ್ಮ ಟಿವಿ ಅಷ್ಟು ಉದಾರಿಯಲ್ಲ.

"ರೀ, ಪ್ಲಗ್ ಕೀಳ್ರೀ!" ಎಂದಳು ಹೆಂಡತಿ. ಕಿತ್ತೆ. ಮನೆ ತಣ್ಣಗಾಯಿತು. ಹತ್ತು ನಿಮಿಷ ಬಿಟ್ಟು ಹಾಕಿದರೆ ಬೀಗ ಹೋಗಿರುತ್ತೆ ಅಂದುಕೊಂಡಿದ್ದೆ. ಹೋಗಿರಲಿಲ್ಲ. ಕರೆಂಟ್ ಹೋದರೂ ಮರೆಯದ ಮೆಮೊರಿಯಲ್ಲಿ ಅದನ್ನು ಬರೆದಿಟ್ಟಿರುತ್ತದೆ. ಪ್ಲಗ್ ಕಿತ್ತರೆ ಹೋಗುವಂತಿದ್ದರೆ ಅದೆಂಥ ಬೀಗ, ಅಲ್ವಾ? ಕೆಂಪು ದೀಪ ಮಿಣ ಮಿಣ ಅನ್ನುತ್ತಾ ನಿಂತಿತು. ಬೀಗ ತೆಗೆಯಬೇಕೆಂದರೆ ಮೆನುಗೆ ಹೋಗಬೇಕು, ಮೆನುಗೆ ಹೋಗಬೇಕೆಂದರೆ ರಿಮೋಟ್ ಬೇಕು.

ರಾತ್ರಿ ಒಂಬತ್ತಕ್ಕೆ ರಿಮೋಟ್ ನನ್ನ ಶೂ ಒಳಗೆ ಸಿಕ್ಕಿತು. ಒತ್ತಿದರೆ ಟಿವಿ ಮಿಸುಕಲಿಲ್ಲ. ರಿಮೋಟಿನ ತುದಿಯನ್ನು ಫೋನಿನ ಸೆಲ್ಫಿ ಕ್ಯಾಮೆರಾಕ್ಕೆ ಹಿಡಿದು ಬಟನ್ ಒತ್ತಿದೆ. ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕು ಕ್ಯಾಮೆರಾದಲ್ಲಿ ನೇರಳೆ ಚುಕ್ಕೆಯಾಗಿ ಮಿನುಗಬೇಕಿತ್ತು. ಚುಕ್ಕೆಯೇ ಇಲ್ಲ. ಹಿಂದಿನ ಮುಚ್ಚಳ ತೆಗೆದೆ. ಸೆಲ್‌ಗಳೇ ಇರಲಿಲ್ಲ.

"ಗೋಡೆ ಗಡಿಯಾರ ನಿಂತಿತ್ತಪ್ಪ, ಅದಕ್ಕೆ ಹಾಕಿದೆ. ಟಿವಿ ಹೇಗೂ ನಡೀತಾ ಇರಲಿಲ್ವಲ್ಲ," ಅಂದರು ಅಮ್ಮ. ಅಂದರೆ ರಿಮೋಟ್ ಶೂನಲ್ಲಿದ್ದದ್ದು ಅವರಿಗೆ ಮೊದಲೇ ಗೊತ್ತಿತ್ತು!

ಗಡಿಯಾರದಿಂದ ಸೆಲ್ ಕಿತ್ತು ರಿಮೋಟಿಗೆ ಹಾಕಿ, ಮೊದಲು ವಾಲ್ಯೂಮ್ ಇಳಿಸಿ, ಆಮೇಲೆ ಮೆನುಗೆ ಹೋಗಿ Key Lock ತೆಗೆದೆ. ಅಷ್ಟರಲ್ಲಿ ಟಿವಿ ಪಟ್ಟನೆ ಆರಿತು. ತಿರುಗಿ ನೋಡಿದರೆ, ನಾನು ನೆಲದ ಮೇಲೆ ಎಳೆದಿಟ್ಟಿದ್ದ ಎಕ್ಸ್‌ಟೆನ್ಷನ್ ಬಾಕ್ಸ್‌ನ ಸ್ವಿಚ್ ಮೇಲೆ ಬೆರಳಿಟ್ಟು ಮಗಳು ನಗುತ್ತಿದ್ದಳು.