ಬುಟ್ಟಿಯಲ್ಲಿ ಇನ್ನೂ ಜಾಗವಿದೆ

ನಮ್ಮ ಭಾವನವರಿಗೆ ಖಾಲಿ ಜಾಗ ಕಂಡರೆ ಆಗುವುದಿಲ್ಲ. ಊಟದ ಎಲೆಯಲ್ಲಿ ಒಂದು ಮೂಲೆ ಬರಿದಾಗಿದ್ದರೆ ಬಡಿಸುವವರನ್ನು ಕೂಗಿ ಕರೆಯುತ್ತಾರೆ. ಮನೆಯ ಶೋಕೇಸಿನಲ್ಲಿ ಗೊಂಬೆಗಳ ನಡುವೆ ಅಂತರ ಕಂಡರೆ ಅಲ್ಲಿಗೊಂದು ಹಳೆಯ ಟ್ರೋಫಿ ಬಂದು ಕೂರುತ್ತದೆ. ಈ ಸ್ವಭಾವದಿಂದ ನನಗೆ ಇದುವರೆಗೆ ಯಾವ ತೊಂದರೆಯೂ ಆಗಿರಲಿಲ್ಲ. ಆದರೆ ಹೊಸ ಅಳಿಯನನ್ನು ಮೊದಲ ದೀಪಾವಳಿಗೆ ಕರೆಯಲು ಅಕ್ಕ ಮತ್ತು ಭಾವ ದಾವಣಗೆರೆಯ ಬೀಗರ ಮನೆಗೆ ಹೊರಟಾಗ, ಉಡುಗೊರೆಯ ಬುಟ್ಟಿಯನ್ನು ಜೋಡಿಸುವ ಕೆಲಸ ನನ್ನ ತಲೆಗೆ ಬಂತು. ಅದನ್ನು ‘ಪರಿಶೀಲಿಸುವ’ ಕೆಲಸವನ್ನು ಭಾವ ತಾವಾಗಿಯೇ ವಹಿಸಿಕೊಂಡರು.

ಬೀಗರ ಮನೆಯಲ್ಲಿ ನಾಲ್ಕು ತಲೆಮಾರು. ಸಕ್ಕರೆ ಕಾಯಿಲೆಯೂ ಕಟ್ಟಿಸಿಕೊಂಡ ಹಲ್ಲೂ ಇರುವ ಅಜ್ಜಿ, ಬೀಗರು ದಂಪತಿ, ಅವರ ಇಬ್ಬರು ಗಂಡುಮಕ್ಕಳು, ಸೊಸೆಯಂದಿರು, ಪಿಯುಸಿ ಓದುವ ಮಗಳು, ಹಿರಿಯ ಮಗನ ಹತ್ತು ತಿಂಗಳ ಕೂಸು. ಇಷ್ಟು ಜನರಿಗೆ ತಲಾ ಒಂದೊಂದು ವಸ್ತು ಎಂದು ಹೊರಟರೆ ಬುಟ್ಟಿಯು ಸಂತೆಯಾಗುತ್ತದೆ. ಆದ್ದರಿಂದ ‘ಸಂಜೆಯ ಕಾಫಿ’ ಎಂಬ ಒಂದೇ ವಿಷಯವನ್ನು ಇಟ್ಟುಕೊಂಡೆ. ಇಂಥ ವಿಷಯದಿಂದ ಆಗುವ ನಿಜವಾದ ಉಪಕಾರವೆಂದರೆ, ಏನನ್ನು ಇಡಬೇಕು ಎನ್ನುವುದಕ್ಕಿಂತ ಏನನ್ನು ಬೇಡವೆನ್ನಬೇಕು ಎನ್ನುವುದು ತಿಳಿಯುವುದು. ಕಾಫಿಪುಡಿ, ಕೋಡುಬಳೆ, ನಿಪ್ಪಟ್ಟು, ತುಪ್ಪದ ಮೈಸೂರುಪಾಕು. ಕೋಡುಬಳೆ ಕಡಿಯಲಾಗದ ಅಜ್ಜಿಗೆ ಮಜ್ಜಿಗೆಯಲ್ಲಿ ಕಲಸಿಕೊಳ್ಳಲು ಸಕ್ಕರೆ ಬೆರೆಸದ ರಾಗಿ ಹುರಿಹಿಟ್ಟು. ಹುಡುಗಿಗೆ ಅವಳದೇ ಆದ ಚಿತ್ತಾರದ ಕಾಫಿ ಬಟ್ಟಲು. ಕೂಸು ಕಾಫಿ ಕುಡಿಯುವುದಿಲ್ಲವಾದ್ದರಿಂದ ಅದಕ್ಕೆ ಮಾತ್ರ ವಿನಾಯಿತಿ ಕೊಟ್ಟು ಚನ್ನಪಟ್ಟಣದ ಮರದ ಗಿಲಕಿ.

‘ಕೊಡಗಿನ ಜೇನು ಒಂದು ಬಾಟಲಿ ಇರಲಮ್ಮ’ ಎಂದರು ಭಾವ. ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಬಾರದು. ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳು ದೊಡ್ಡವರಿಗೆ ಏನೂ ಮಾಡದಿದ್ದರೂ ಎಳೆಯ ಕರುಳಿನಲ್ಲಿ ಬೆಳೆದು ವಿಷವನ್ನು ಉಂಟುಮಾಡಬಲ್ಲವು. ದೊಡ್ಡವರು ತಿನ್ನಲಿ ಎಂದು ಕೊಟ್ಟರೂ, ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುವ ರೂಢಿಯಿರುವ ಮನೆಗಳಲ್ಲಿ ಬಾಟಲಿ ಯಾವ ಬಾಯಿಗೆ ಹೋಗುತ್ತದೆಂದು ಹೇಳಲಾಗದು. ಇದನ್ನೆಲ್ಲ ವಿವರಿಸಿದ ಮೇಲೆ ಭಾವ ಜೇನನ್ನು ಬಿಟ್ಟರು. ಆದರೆ ಅದರಿಂದ ಖಾಲಿಯಾದ ಜಾಗವನ್ನು ಅವರು ಮರೆಯಲಿಲ್ಲ.

ತಾಜಾತನಕ್ಕೆ ನನ್ನ ಲೆಕ್ಕ ಸರಳ: ಕೆಡದಿರುವುದು ಮೊದಲು, ಕೆಡುವುದು ಕಡೆಗೆ. ಗಿಲಕಿ, ಬಟ್ಟಲು, ಹುರಿಹಿಟ್ಟು ವಾರಕ್ಕೆ ಮುಂಚೆಯೇ ಬಂದವು. ಕರಿದ ತಿಂಡಿಯನ್ನು ಮನೆಯಲ್ಲೇ ಮಾಡಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿದೆ. ಬಿಸಿಯಿರುವಾಗಲೇ ಮುಚ್ಚಳ ಹಾಕಿದರೆ ಒಳಗಿನ ಹಬೆ ನೀರಾಗಿ ಇಳಿದು ಮರುದಿನಕ್ಕೆ ಕೋಡುಬಳೆ ಮೆತ್ತಗಾಗುತ್ತದೆ. ಇದೇ ಕಾರಣಕ್ಕೆ ಹಣ್ಣನ್ನು ಬುಟ್ಟಿಗೆ ಸೇರಿಸದೆ ಬೇರೆ ಚೀಲದಲ್ಲಿಟ್ಟೆ. ಮೈಸೂರುಪಾಕು ಹಿಂದಿನ ದಿನ ಬಂತು, ಕಾಫಿಪುಡಿಯನ್ನು ಅದೇ ಸಂಜೆ ಬೀಸಿಸಿಕೊಂಡು ಬಂದೆವು.

ಇಲ್ಲಿಯವರೆಗೆ ಎಲ್ಲವೂ ನನ್ನ ಹತೋಟಿಯಲ್ಲಿತ್ತು. ಕೆಟ್ಟದ್ದು ಬುಟ್ಟಿಯ ಅಳತೆಯಿಂದ. ಒಂದೂವರೆ ಅಡಿ ಅಗಲದ ಬಿದಿರಿನ ಬುಟ್ಟಿಯೊಂದನ್ನು ತನ್ನಿ ಎಂದು ಹೇಳಿದ್ದೆ. ಬೀಗರ ಮುಂದೆ ಚಿಕ್ಕದಾಗಿ ಕಾಣಬಾರದೆಂದು ಭಾವ ಎರಡೂಕಾಲು ಅಡಿಯ, ಮೇಲೆ ಕಮಾನಿನಂಥ ಹಿಡಿಯಿರುವ ಬುಟ್ಟಿಯನ್ನು ತಂದರು. ನಾನು ತಳಕ್ಕೆ ಮುದುಡಿದ ಪತ್ರಿಕೆಗಳನ್ನು ಹಾಸಿ, ಅದರ ಮೇಲೆ ಒಣಹುಲ್ಲು ಹರಡಿ, ಎತ್ತರದ ಡಬ್ಬಿಗಳನ್ನು ಹಿಂದೆ, ಭಾರದವನ್ನು ನಡುವೆ, ಗಿಲಕಿ ಬಟ್ಟಲುಗಳನ್ನು ಮುಂದೆ ತುಸು ಓರೆಯಾಗಿ ನಿಲ್ಲಿಸಿದೆ. ವಸ್ತುಗಳ ನಡುವೆ ಎರಡು ಬೆರಳಿನಷ್ಟು ಹುಲ್ಲು ಕಂಡರೇ ಪ್ರತಿಯೊಂದೂ ಎದ್ದು ಕಾಣುವುದು, ಅಲುಗಾಡದೆ ಉಳಿಯುವುದು.

ಭಾವ ಕನ್ನಡಕ ಏರಿಸಿಕೊಂಡು ಬಂದರು. ತೋರುಬೆರಳನ್ನು ಡಬ್ಬಿ ಡಬ್ಬಿಯ ನಡುವೆ ತೂರಿಸಿ, ತಳದವರೆಗೆ ಇಳಿಸಿ, ‘ಇಲ್ಲಿ ಕಾಗದ ಇದೆಯಲ್ಲಮ್ಮ’ ಎಂದರು. ಅವರ ಈ ಸಂಶಯಕ್ಕೆ ಹಿನ್ನೆಲೆಯಿದೆ. ಒಮ್ಮೆ ಅವರಿಗೆ ಬಂದಿದ್ದ ಭಾರಿ ಅಂಗಡಿ ಬುಟ್ಟಿಯಲ್ಲಿ ಮುಕ್ಕಾಲು ಪಾಲು ಕತ್ತರಿಸಿದ ಕಾಗದವೂ, ಅದರ ಮೇಲೆ ನಾಲ್ಕಾರು ಬಿಸ್ಕತ್ತೂ ಇದ್ದವು; ಅಂದಿನಿಂದ ಬುಟ್ಟಿಯೊಳಗಿನ ಕಾಗದವನ್ನು ಅವರು ಮೋಸವೆಂದೇ ಎಣಿಸುತ್ತಾರೆ. ‘ಅದು ಆಧಾರಕ್ಕೆ ಭಾವ’ ಎಂದೆ. ‘ಆಧಾರಕ್ಕೆ ತಿನ್ನುವ ಪದಾರ್ಥವನ್ನೇ ಇಡಬಹುದಲ್ಲ’ ಎಂದವರು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಬಂದದ್ದು ದೊಡ್ಡದೊಂದು ಮಂಡಕ್ಕಿ ಪೊಟ್ಟಣ. ಬೆಂಗಳೂರಿನಿಂದ ಸುಮಾರು 260 ಕಿಲೋಮೀಟರ್ ದೂರದ ದಾವಣಗೆರೆಗೆ, ಮಂಡಕ್ಕಿ ಮಿರ್ಚಿಯಲ್ಲೇ ಸಂಜೆಗಳನ್ನು ಕಳೆಯುವ ಊರಿಗೆ, ಮಂಡಕ್ಕಿ! ‘ಹಗುರ, ಜಾಗ ತುಂಬುತ್ತದೆ’ ಎನ್ನುವುದು ಅವರ ಸಮರ್ಥನೆ. ಅಕ್ಕ ಅದನ್ನು ಎತ್ತಿ ಅಡುಗೆಮನೆಗೆ ಒಯ್ದಳು. ಭಾವ ಮತ್ತೆ ಬೆರಳಿಳಿಸಿದರು. ಬಲಕ್ಕೆ ಒಂದು ಟವೆಲ್ಲು ಬಂತು, ಎಡಕ್ಕೆ ಬ್ಯಾಂಕಿನ ಕ್ಯಾಲೆಂಡರ್ ಸುರುಳಿಯಾಗಿ ಬಂತು. ನಾನು ತೆಗೆಯುವುದು, ಅವರು ತುರುಕುವುದು. ಹೀಗೆ ರಾತ್ರಿ ಹತ್ತಾಯಿತು. ಕಡೆಗೆ ಪಾರದರ್ಶಕ ಹಾಳೆಯನ್ನು ಸುತ್ತಿ, ಮೇಲೆ ರಿಬ್ಬನ್ ಬಿಗಿದು ಮಲಗಿದೆ.

ಬೆಳಗ್ಗೆ ನೋಡಿದರೆ ರಿಬ್ಬನ್ನಿನ ಗಂಟು ನನ್ನದಾಗಿರಲಿಲ್ಲ. ಬಿಚ್ಚಿ ನೋಡುವಷ್ಟು ಹೊತ್ತಿರಲಿಲ್ಲ, ಏಕೆಂದರೆ ಬುಟ್ಟಿಯ ಕಮಾನಿನಿಂದಾಗಿ ಕಾರಿನ ಡಿಕ್ಕಿ ಮುಚ್ಚುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಬಟ್ಟೆಯ ಗಂಟು, ಹಣ್ಣಿನ ಚೀಲ. ಬುಟ್ಟಿಯನ್ನು ಮುಂದೆ, ಭಾವನ ಪಕ್ಕದ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿದರು. ಮದುವೆಯಾದಾಗಿನಿಂದ ಅಲ್ಲೇ ಕೂತು ದಾರಿ ಹೇಳಿದ ನನ್ನ ಅಕ್ಕ, ಮೊಣಕಾಲನ್ನು ಎದೆಗೆ ಒತ್ತಿಕೊಂಡು ಹಿಂದೆ ಕುಳಿತಳು.

ಗಂಟಿನ ರಹಸ್ಯ ಆ ರಾತ್ರಿ ಅಕ್ಕನ ಫೋನಿನಲ್ಲಿ ಬಯಲಾಯಿತು. ಎಲ್ಲರೂ ಮಲಗಿದ ಮೇಲೆ ಭಾವ ಮೈಸೂರುಪಾಕಿನ ಪೆಟ್ಟಿಗೆಯ ಅಕ್ಕಪಕ್ಕದಲ್ಲಿ ಎರಡು ಊದುಬತ್ತಿ ಪೊಟ್ಟಣಗಳನ್ನೂ ಗಂಧದ ಸಾಬೂನುಗಳನ್ನೂ ಸೇರಿಸಿದ್ದರು. ಸಿಕ್ಕ ವಾಸನೆಯನ್ನೆಲ್ಲ ಹಿಡಿದಿಟ್ಟುಕೊಳ್ಳುವುದು ತುಪ್ಪದ ಗುಣ. ಕಾಗದದ ಪೆಟ್ಟಿಗೆ ಅದನ್ನು ತಡೆಯುವುದಿಲ್ಲ. ಮೇಲೆ ಬಿಗಿಯಾಗಿ ಹಾಳೆ ಸುತ್ತಿದರೆ ಪರಿಮಳಕ್ಕೆ ಹೋಗಲು ಬೇರೆ ದಾರಿಯೂ ಇಲ್ಲ. ಇದೇ ಭಯಕ್ಕೆ ನಾನು ಕಾಫಿಪುಡಿಯನ್ನು ಸಹ ಉಕ್ಕಿನ ಡಬ್ಬಿಯಲ್ಲಿ ಮುಚ್ಚಿ ಬುಟ್ಟಿಯ ಇನ್ನೊಂದು ತುದಿಗೆ ಇಟ್ಟಿದ್ದೆ. ಸಕ್ಕರೆ ಕಾಯಿಲೆಯ ಅಜ್ಜಿ ಉಗುರಿನಷ್ಟು ಮೈಸೂರುಪಾಕನ್ನು ಮುರಿದು ಬಾಯಿಗಿಟ್ಟವರು, ಥಟ್ಟನೆ ಉಳಿದ ಚೂರನ್ನು ಕಣ್ಣಿಗೊತ್ತಿಕೊಂಡು, ‘ಯಾವ ದೇವಸ್ಥಾನದ ಪ್ರಸಾದವಪ್ಪಾ ಇದು?’ ಎಂದು ಕೇಳಿದರಂತೆ. ಭಾವ ಒಂದು ಕ್ಷಣವೂ ಯೋಚಿಸದೆ ನಂಜನಗೂಡಿನದು ಎಂದರಂತೆ. ಅದಾದ ಮೇಲೆ ಆ ಮನೆಯಲ್ಲಿ ಯಾರಿಗೂ ಅದನ್ನು ಬಿಸಾಡುವ ಧೈರ್ಯವಾಗದೆ, ದಿನಕ್ಕೊಂದು ಚೂರಿನಂತೆ ಎಲ್ಲರೂ ಭಕ್ತಿಯಿಂದ ತಿನ್ನುತ್ತಿದ್ದಾರೆ.

ನಮ್ಮ ಅಮ್ಮನಿಗೆ ಈ ಪೇಚಾಟ ಯಾವುದೂ ಇರಲಿಲ್ಲ. ಅವರು ಒಂದು ಸ್ಟೀಲ್ ಡಬ್ಬಿಗೆ ಚಕ್ಕುಲಿ ತುಂಬಿ ಕಳಿಸಿದರೆ ಆ ಡಬ್ಬಿ ಬರಿದಾಗಿ ಮರಳುತ್ತಿರಲಿಲ್ಲ. ಎರಡು ನಿಂಬೆಹಣ್ಣೋ ಒಂದು ಹಿಡಿ ಸಕ್ಕರೆಯೋ ಅದರಲ್ಲಿರುತ್ತಿತ್ತು. ಯಾರ ಮನೆಯ ಅಜ್ಜಿಗೆ ಯಾವ ಹಲ್ಲು ಉಳಿದಿದೆ ಎನ್ನುವುದು ಬೀದಿಗೆಲ್ಲ ಗೊತ್ತಿದ್ದ ಕಾಲವದು. ನನಗೆ ಬೀಗರ ಮನೆಯ ಅಜ್ಜಿಯ ಹಲ್ಲಿನ ವಿಚಾರ ತಿಳಿಯಲು ಅಕ್ಕನ ಮಗಳಿಗೆ ಗುಟ್ಟಾಗಿ ಸಂದೇಶ ಕಳಿಸಬೇಕಾಯಿತು.

ಮರುದಿನ ಬೀಗಿತ್ತಿಯೇ ಫೋನ್ ಮಾಡಿದರು. ಹುರಿಹಿಟ್ಟನ್ನು ಹೊಗಳಬಹುದು, ಗಿಲಕಿಯನ್ನಾದರೂ ನೆನೆಯಬಹುದು ಎಂದು ಕಿವಿಗೊಟ್ಟೆ. ‘ಬುಟ್ಟಿ ನೋಡಿ ಭಾಳ ಖುಷಿ ಆತ್ರಿ, ಒಂಚೂರೂ ಜಾಗ ಬಿಡದಂಗೆ ತುಂಬಿಸಿದ್ರಲ್ಲ’ ಎಂದರು. ಫೋನು ಸ್ಪೀಕರಿನಲ್ಲಿತ್ತು. ಭಾವ ಈಗ ಯುಗಾದಿಗೆ ಇದಕ್ಕಿಂತ ದೊಡ್ಡ ಬುಟ್ಟಿಯನ್ನು ನೋಡಿಟ್ಟಿದ್ದಾರೆ.