"ನೋಡುವ" ಅಂದ ಗಿರಾಕಿ ಮತ್ತು ನಮ್ಮ ಸೋಮವಾರದ ಮೀಟಿಂಗ್

ನಮ್ಮ ಊರಲ್ಲಿ ಯಾರೂ ಮುಖಕ್ಕೆ ಹೊಡೆದ ಹಾಗೆ "ಬೇಡ" ಅನ್ನುವುದಿಲ್ಲ. "ನೋಡುವ ಮಾರ್ರೆ" ಅಂತಾರೆ. ಚಾ ಕುಡಿಸ್ತಾರೆ, ಮನೆಯವರನ್ನೆಲ್ಲ ವಿಚಾರಿಸ್ತಾರೆ, ಗೇಟಿನವರೆಗೆ ಬಂದು ಕಳಿಸ್ತಾರೆ. ಸೇಲ್ಸ್ ಹುಡುಗ ಬೈಕಂಪಾಡಿಯ ನಮ್ಮ ಆಫೀಸಿಗೆ ವಾಪಸ್ ಬಂದು ಶೀಟಿನಲ್ಲಿ "ಪಾಸಿಟಿವ್" ಅಂತ ಬರೀತಾನೆ. ನಮ್ಮಲ್ಲಿ ಇಂಥ ಪಾಸಿಟಿವ್‌ಗಳು ಸೇರಿ 62 ಲಕ್ಷ ಆಗಿತ್ತು. ತಿಂಗಳ ಕೊನೆಗೆ ಸಂಬಳ ಕೊಡುವಾಗ ಅದರಲ್ಲಿ ಒಂದು ರೂಪಾಯಿಯೂ ಕಾಣುತ್ತಿರಲಿಲ್ಲ.

ನಾವು ಮೀನು ಮತ್ತು ಗೇರುಬೀಜದ ಫ್ಯಾಕ್ಟರಿಗಳಿಗೆ ವ್ಯಾಕ್ಯೂಮ್ ಪ್ಯಾಕಿಂಗ್ ಮೆಷಿನ್ ಮಾರುವವರು. ಸೇಲ್ಸ್‌ಗೆ ಮೂರು ಜನ, ಜತೆಗೆ ನಾನು. ಮೊದಲೂ ವಾರದ ಮೀಟಿಂಗ್ ಇತ್ತು. ಆದರೆ ಹೊಸ ಎನ್‌ಕ್ವೈರಿಯಿಂದ ಶುರು ಮಾಡ್ತಿದ್ದೆವು. ಅದರ ಬಗ್ಗೆ ಮಾತಾಡಲು ಎಲ್ಲರಿಗೂ ಖುಷಿ. ಹಳೆಯದು ಬರುವಷ್ಟರಲ್ಲಿ ಊಟದ ಹೊತ್ತು.

ಈಗ ತಿರುಗಾ ಮುರುಗಾ ಮಾಡಿದ್ದೇವೆ. ಕೊಟೇಶನ್ ಕೊಟ್ಟ ದಿನ ಒಂದು ಕಾಲಮ್ಮಿನಲ್ಲಿ, ಪಕ್ಕದಲ್ಲಿ `=TODAY()-D2`. ಅತಿ ಹಳೆಯದು ಮೇಲೆ ಬರುತ್ತದೆ, ಮುಕ್ಕಾಲು ಗಂಟೆ ಅಲ್ಲಿಂದಲೇ ಕೆಳಗೆ ಇಳಿಯುವುದು. ಎಷ್ಟು ದಿನ ಆದರೆ ಕೆಂಪು? ಅದನ್ನು ಬಾಯಿಗೆ ಬಂದಂತೆ ಇಟ್ಟದ್ದಲ್ಲ. ಹಿಂದಿನ ಎರಡು ವರ್ಷದಲ್ಲಿ ಗೆದ್ದ 19 ಆರ್ಡರ್ ತೆಗೆದು, ಕೊಟೇಶನ್‌ನಿಂದ ಪರ್ಚೇಸ್ ಆರ್ಡರ್ ಕೈಗೆ ಬರುವವರೆಗಿನ ದಿನ ಎಣಿಸಿದೆ. ಅರ್ಧದಷ್ಟು 24 ದಿನದೊಳಗೆ ಆಗಿತ್ತು. 50 ದಾಟಿ ಬಂದದ್ದು ಎರಡೇ ಎರಡು. ಹಾಗಾಗಿ 50.

ಇನ್ನೊಂದು ಕಾಲಮ್ಮು ಉಂಟು, ನಿಜವಾದ ಜೀವ ಇರುವುದು ಅದರಲ್ಲೇ: "ಗಿರಾಕಿ ಕೊನೆಗೆ ಎಂತ ಮಾಡಿದರು, ಯಾವತ್ತು?" ನಾವು ಫೋನ್ ಮಾಡಿದ್ದು, ವಾಟ್ಸಾಪ್ ಕಳಿಸಿದ್ದು, ಸ್ವೀಟ್ ಬಾಕ್ಸ್ ಕೊಟ್ಟದ್ದು ಲೆಕ್ಕಕ್ಕಿಲ್ಲ. ಅವರು ಡ್ರಾಯಿಂಗ್ ಕೇಳಿದರಾ, ಸ್ಯಾಂಪಲ್ ಮೀನು ಪ್ಯಾಕ್ ಮಾಡಿಸಲು ಕಳಿಸಿದರಾ, ರೇಟ್ ಇಳಿಸಿ ಅಂದರಾ? ಅದಷ್ಟೇ.

ಮೇ ತಿಂಗಳ ಒಂದು ಸೋಮವಾರ ಮೇಲೆ ಬಂದದ್ದು ಮಲ್ಪೆಯ ಒಂದು ಮೀನು ಸಂಸ್ಕರಣಾ ಘಟಕ. ಡಬಲ್ ಚೇಂಬರ್ ಮೆಷಿನ್, 7.80 ಲಕ್ಷ, 74 ದಿನ. ಕ್ಲೋಸಿಂಗ್ ತಾರೀಕು ನಾಲ್ಕು ಸಲ ಮುಂದೆ ಹೋಗಿದೆ.

"ಎಂತಾಯ್ತು ಇದು?"

"ಫಾಲೋಅಪ್‌ನಲ್ಲಿ ಉಂಟು ಸರ್. ಹನ್ನೊಂದು ಸಲ ಮಾತಾಡಿದ್ದೇನೆ."

"ಅವರು ಎಷ್ಟು ಸಲ ಫೋನ್ ಮಾಡಿದ್ದಾರೆ?"

ಹುಡುಗ ಪೆನ್ನಿನ ಕ್ಯಾಪ್ ತೆಗೆದ, ಹಾಕಿದ. ಒಂದು ಸಲವೂ ಇಲ್ಲ. ಹನ್ನೊಂದು ಸಲವೂ ಮಾತಾಡಿದ್ದು ಪ್ರೊಡಕ್ಷನ್ ಮ್ಯಾನೇಜರ್ ಹತ್ತಿರ. ಚೆಕ್‌ಗೆ ಸಹಿ ಹಾಕುವ ಧಣಿ ಕೊಟೇಶನ್ ನೋಡಿದ್ದಾರಾ ಅಂತಲೇ ಗೊತ್ತಿಲ್ಲ.

ಅಲ್ಲಿ ಬೈದಿದ್ದರೆ ಕೆಲಸ ಕೆಡುತ್ತಿತ್ತು. ಮುಂದಿನ ವಾರದಿಂದ ಅಡಗಿಸಿ ಇಡ್ತಾರೆ, ಅಷ್ಟೇ. ಬುಧವಾರದೊಳಗೆ ಧಣಿಯನ್ನು ಕಂಡು ಎರಡೇ ವಿಷಯ ಕೇಳಿ ಬಾ ಅಂದೆ: ಮೆಷಿನ್ ಬೇಕಾ, ಬೇಕಾದರೆ ಏನು ಅಡ್ಡ ಇದೆ? ಬೇಡ ಅಂದರೂ ಬೇಸರ ಇಲ್ಲ, ಫೈಲ್ ಮುಚ್ಚುತ್ತೇವೆ ಅಂತ ಹೇಳು. ಈ ಕೊನೆಯ ಮಾತಿಗೇ ಜನ ಬಾಯಿ ಬಿಡುವುದು.

ಅಡ್ಡ ಇದ್ದದ್ದು ರೇಟ್ ಅಲ್ಲ, ಕರೆಂಟು. ಹೊಸ ಬ್ಲಾಸ್ಟ್ ಫ್ರೀಜರ್ ಹಾಕಿದ ಮೇಲೆ ಅವರಿಗೆ ಮಂಜೂರಾದ ಲೋಡ್ ಭರ್ತಿ ಆಗಿತ್ತು. ಹೆಚ್ಚುವರಿ ಲೋಡಿಗೆ ಅರ್ಜಿ ಇನ್ನೂ ಹಾಕಿರಲಿಲ್ಲ. ಅದು ಗೊತ್ತಿಲ್ಲದೆ ನಾವು ಎರಡು ಸಲ ಡಿಸ್ಕೌಂಟ್ ಕೊಟ್ಟಾಗಿತ್ತು! ಮೇಲಿಂದ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆಗ ಮೆಷಿನ್ ಇಳಿಸಿದರೂ ಪ್ಯಾಕ್ ಮಾಡಲು ಅವರಿಗೆ ಮೀನೆಲ್ಲಿದೆ? "ಜೂನ್ 10ರೊಳಗೆ ಅರ್ಜಿ ಹಾಕ್ತೇವೆ, ಆಗಸ್ಟಿಗೆ ಮೆಷಿನ್ ಬೇಕು" ಅಂದರು. ಆಮೇಲೆ ಶೀಟಿನಲ್ಲಿ ಅವರದೇ ಬಾಯಿಯ ಒಂದು ತಾರೀಕು ಬಂತು. ಜೂನ್ 11ಕ್ಕೆ ಕೇಳಿದೆವು, ಅರ್ಜಿಯ ಪ್ರತಿ ವಾಟ್ಸಾಪ್‌ಗೆ ಬಂತು. ಅಡ್ವಾನ್ಸ್ ಬಂದದ್ದು ಜುಲೈ ಕೊನೆಗೆ.

ಆದ್ದರಿಂದ 50 ದಾಟಿದ್ದೆಲ್ಲ ಸತ್ತಿದೆ ಅಂತಲ್ಲ. ಮಳೆಗಾಲದಲ್ಲಿ ಮೀನಿನವರ ಸಾಲು ಪೂರ್ತಿ ಕೆಂಪಾಗುತ್ತದೆ. ಆದರೆ "ಸೀಸನ್ ಸರ್" ಅನ್ನುವುದು ನಮ್ಮ ಹುಡುಗರಿಗೆ ಒಳ್ಳೆ ಕೊಡೆ. ಗಿರಾಕಿಯೇ ತಾರೀಕು ಹೇಳಿದ್ದರೆ ಮಾತ್ರ ಆ ಕೊಡೆಯಡಿ ಜಾಗ. ಹಾಗೆ ಸೋಸಿದ ಮೇಲೆ 62 ಲಕ್ಷದಲ್ಲಿ ಉಳಿದದ್ದು 25.

ಕಳ್ಳ ದಾರಿಯೂ ಹುಟ್ಟಿತು, ಹೇಳಿಬಿಡ್ತೇನೆ. ಮೊದಲು ನಾನು ಕೊಟೇಶನ್ ದಿನದಿಂದ ಅಲ್ಲ, ಈಗಿನ ಹಂತಕ್ಕೆ ಬಂದ ದಿನದಿಂದ ಎಣಿಸ್ತಿದ್ದೆ. ಮೂರನೇ ವಾರ ನೋಡಿದರೆ ಕೆಂಪೇ ಇಲ್ಲ. ಎಲ್ಲವನ್ನೂ "ಕೊಟೇಶನ್"ನಿಂದ "ನೆಗೋಶಿಯೇಶನ್"ಗೆ ತಳ್ಳಿದ್ದಾರೆ, ಗಡಿಯಾರ ಸೊನ್ನೆಯಿಂದ ಪುನಃ ಶುರು! ಅದಕ್ಕೇ ಈಗ ಹಂತ ಯಾವುದಾದರೂ ಇರಲಿ, ಕೊಟೇಶನ್ ದಿನ ಬದಲಾಗುವುದಿಲ್ಲ. ಆ ಕಾಲಮ್ಮಿಗೆ ಬೀಗ ಹಾಕಿದ್ದೇನೆ.

ನಿನ್ನೆಯ ಶೀಟಿನಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದು ಕಾರ್ಕಳದ ಒಂದು ಗೇರುಬೀಜ ಫ್ಯಾಕ್ಟರಿ, 131 ದಿನ. ಯಾರದ್ದು ಅಂತ ಕೇಳಿದೆ. ಮೂವರೂ ಶೀಟು ನೋಡಲಿಲ್ಲ, ನನ್ನನ್ನೇ ನೋಡಿದರು. ಧಣಿ ನನ್ನ ಹಳೆಯ ದೋಸ್ತಿ, ಹಾಗಾಗಿ ನಾನೇ ಇಟ್ಟುಕೊಂಡ ಗಿರಾಕಿ. ಬುಧವಾರ ಹೋಗಬೇಕು.